ಕಾಯೋ ಹಣ್ಣೋ

ಜೋಳದ ರೊಟ್ಟಿಯ ಒಂದು ಮಗ್ಗಲು ಬೇಯುವಷ್ಟರಲ್ಲಿ ನನ್ನ ಸೊಸೆ ತನ್ನ ಇಷ್ಟು ವರ್ಷಗಳ ಕೆಲಸವನ್ನೆಲ್ಲ ಹೇಳಿ ಮುಗಿಸಬೇಕಿತ್ತು. ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರು ಸವರಿ, ಆ ನೀರು ಆರಿ ಅಂಚು ಸ್ವಲ್ಪ ಮೇಲೇಳುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ನಿಮಿಷವಾಗುತ್ತದೆ. ಮೊದಲ ದಿನ ಮೊಬೈಲಿನಲ್ಲಿ ಹಿಡಿದು ನೋಡಿಕೊಂಡೆವು. ಆಮೇಲೆ ಮೊಬೈಲ್ ಬೇಕಾಗಲಿಲ್ಲ. ಹಿಟ್ಟಿನ ಕೈಗೆ ಅದು ಒಗ್ಗುವುದೂ ಇಲ್ಲ.

ಅವಳು ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು. ಆ ವಾರದ ಕೊನೆಗೆ ಅಲ್ಲೇ ಒಂದು ಸಮ್ಮೇಳನವಿತ್ತು. ಅದರಲ್ಲಿ ಒಂದು ಹೊತ್ತು ಪೋಸ್ಟರ್ ಪ್ರದರ್ಶನ. ಪ್ರತಿ ವಿದ್ಯಾರ್ಥಿ ತನ್ನ ಕೆಲಸವನ್ನು ಒಂದು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿ, ಹಲಗೆಗೆ ಅಂಟಿಸಿ, ಪಕ್ಕದಲ್ಲಿ ನಿಲ್ಲಬೇಕು. ನೋಡುವವರು ನಡೆಯುತ್ತ ಬರುತ್ತಾರೆ. ಯಾರೂ ನಿಲ್ಲಲೇಬೇಕೆಂದಿಲ್ಲ. ಅವರು ಹಾದುಹೋಗುವ ಆ ಅರ್ಧ ನಿಮಿಷದಲ್ಲಿ ಇವಳು ಹೇಳಿದ್ದು ಕಿವಿಗೆ ಬಿದ್ದರೆ ನಿಂತಾರು, ಇಲ್ಲದಿದ್ದರೆ ಪಕ್ಕದ ಹಲಗೆ.

‘ಶುರು ಮಾಡು’ ಎಂದು ನಾನು ರೊಟ್ಟಿ ಹಂಚಿಗೆ ಹಾಕಿದೆ.

ಅವಳು ಫ್ರಿಜ್ಜಿನ ಪಕ್ಕ ಕೈಕಟ್ಟಿ ನಿಂತು ಆರಂಭಿಸಿದಳು. ‘ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಮೇಡಂ...’ ಅಲ್ಲಿಂದ ಅವಳ ಹೆಸರು, ವಿಭಾಗದ ಹೆಸರು, ಮಾರ್ಗದರ್ಶಕರ ಹೆಸರು, ಅವರ ಹುದ್ದೆ, ಆಮೇಲೆ ಸಂಶೋಧನೆಯ ಶೀರ್ಷಿಕೆ. ಶೀರ್ಷಿಕೆ ಮಾರುದ್ದದ ಇಂಗ್ಲಿಷ್. ಅದು ಮುಗಿಯುವ ಮೊದಲೇ ನಾನು ರೊಟ್ಟಿ ತಿರುವಿ ಹಾಕಿದ್ದೆ.

‘ಬಾಳಿಹಣ್ಣು ಇನ್ನಾ ಬರಲೇ ಇಲ್ಲಲ್ಲ ಯವ್ವಾ’ ಎಂದೆ.

‘ಬರ್ತದ್ರಿ ಅತ್ತಿ. ಮುಂದಿನ ಸಾಲಿನಾಗ.’

‘ಮುಂದಿನ ಸಾಲಿಗೆ ರೊಟ್ಟಿ ಸೀದು ಹೋಗ್ತದ.’

ಅವಳು ನಗಲಿಲ್ಲ. ಆ ದಿನಗಳಲ್ಲಿ ಅವಳು ನಗುವುದನ್ನು ಬಿಟ್ಟಿದ್ದಳು. ತಲೆ ಬಾಚಿಕೊಂಡು ಬಾಚಣಿಗೆಯನ್ನು ಕೂದಲಲ್ಲೇ ಮರೆತು ಚಹಾ ಸೋಸಲು ಬರುತ್ತಿದ್ದಳು. ಅವಳ ನೋಂದಣಿಯ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಒಮ್ಮೆ ವಿಸ್ತರಿಸಿ ಕೊಟ್ಟಿದ್ದರು, ಇನ್ನೊಮ್ಮೆ ಕೊಡುವುದಿಲ್ಲ ಎಂದಿದ್ದರು. ಪ್ರಬಂಧ ಬಹುತೇಕ ಮುಗಿದಿತ್ತು, ಒಂದೇ ಒಂದು ಬಾಕಿ. ಹಣ್ಣಿನ ಗಟ್ಟಿತನವನ್ನು ಅಳೆದು ತೋರಿಸಬೇಕು. ಬೆರಳಿನಿಂದ ಒತ್ತಿ ಮೆತ್ತಗಿತ್ತು ಎಂದು ಬರೆದರೆ ಪರಿಶೀಲನಾ ಸಮಿತಿ ಒಪ್ಪುವುದಿಲ್ಲ. ಅದಕ್ಕೊಂದು ಯಂತ್ರವಿದೆ. ಸಣ್ಣ ಸಲಾಕೆಯೊಂದು ಹಣ್ಣಿನೊಳಗೆ ಇಳಿಯುವಾಗ ಎಷ್ಟು ಬಲ ಬೇಕಾಯಿತೆಂದು ಅದು ಬರೆದು ಕೊಡುತ್ತದೆ. ವಿಭಾಗದ ಯಂತ್ರ ಕೆಟ್ಟು ಬಟ್ಟೆ ಹೊದ್ದು ಕೂತಿತ್ತು. ಬೇರೆ ಊರಿನ ತೋಟಗಾರಿಕೆ ಸಂಸ್ಥೆಯೊಂದರಲ್ಲಿ ಒಳ್ಳೆಯದೊಂದು ಇತ್ತು. ಅಲ್ಲಿನ ಹಿರಿಯ ವಿಜ್ಞಾನಿ ಮೇಡಂ ಒಬ್ಬರಿಗೆ ಇವಳು ಮೇಲಿಂದ ಮೇಲೆ ಇ-ಮೇಲ್ ಬರೆದಿದ್ದಳು. ಉತ್ತರವಿಲ್ಲ. ಈಗ ಅದೇ ಮೇಡಂ ಪೋಸ್ಟರ್ ನೋಡಲು ಬರುವವರಿದ್ದರು. ಅವರು ನಿಂತು ಕೇಳಿದರೆ ಯಂತ್ರ, ಯಂತ್ರ ಸಿಕ್ಕರೆ ಪ್ರಬಂಧ. ಇಲ್ಲದಿದ್ದರೆ ಅಷ್ಟೂ ವರ್ಷ ನೀರಿಗೆ ಬಿದ್ದ ಉಪ್ಪು.

ನಾನು ಕಾನ್ವೆಂಟಿನಲ್ಲಿ ಓದಿದವಳು. ವೇದಿಕೆ ಹತ್ತಿದರೆ ಮೊದಲು ವಂದನೆ, ಆಮೇಲೆ ಹೆಸರು, ಆಮೇಲೆ ವಿಷಯ ಎಂದು ಸಿಸ್ಟರ್ ಕಲಿಸಿದ್ದು ಈಗಲೂ ಬಾಯಿಪಾಠವಿದೆ. ಆದರೆ ಅಲ್ಲಿ ಕೇಳುವವರು ಬೆಂಚಿನ ಮೇಲೆ ಕೂತಿರುತ್ತಿದ್ದರು. ಎದ್ದು ಹೋಗುವಂತಿರಲಿಲ್ಲ. ಹಾದಿಯಲ್ಲಿ ಹೋಗುವವರಿಗೆ ಆ ಕ್ರಮ ಹೊಂದುವುದಿಲ್ಲವೆಂದು ಹಂಚಿನ ಮುಂದೆಯೇ ನಮ್ಮಿಬ್ಬರಿಗೂ ತಿಳಿಯಿತು.

‘ನೀ ಏನು ಹುಡುಕಾಕತ್ತೀ ಅಷ್ಟೂ ವರ್ಷದಿಂದ? ಅದನ್ನೇ ಮೊದಲ ಅಂದುಬಿಡು’ ಎಂದೆ.

‘ಹಂಗಂದ್ರ ಪ್ರಶ್ನಿ ಕೇಳ್ದಂಗ ಆಗ್ತದ್ರಿ.’

‘ಪ್ರಶ್ನಿನೇ ಕೇಳು.’

ಅವಳು ಕಟ್ಟಿದ ಕೈ ಬಿಚ್ಚಿ ಹೇಳಿದಳು. ‘ಬ್ಯಾರೆ ಬಾಳಿಕಾಯಿ ಹಸರಿರ್ತದ, ಹಣ್ಣಾದ್ರ ಹಳದಿ ಆಗ್ತದ. ಇದು ಕಾಯಿದ್ದಾಗೇ ಕೆಂಪು. ಹಾಗಾದ್ರ ಹಣ್ಣಾಗ್ಯಾದೋ ಇಲ್ಲೋ ಅಂತ, ಮುಟ್ಟದೇ ಹೆಂಗ ತಿಳೀಬೇಕು?’

ನೀರು ಇನ್ನೂ ಆರಿರಲಿಲ್ಲ. ಪ್ರಶ್ನೆ ಆಗಲೇ ಮುಗಿದಿತ್ತು. ಉಳಿದದ್ದಕ್ಕೆಲ್ಲ ಜಾಗವಿತ್ತು: ಏನು ಮಾಡಿದೆ, ಏನು ಕಂಡಿತು, ಏನು ಬಾಕಿ. ಅಂದು ಸಂಜೆಯಿಂದ ಅವಳು ಹಾಗೇ ಅಭ್ಯಾಸ ಮಾಡಿದಳು. ಮನೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ರೊಟ್ಟಿಗಳಾದವು. ಉಳಿದವನ್ನು ಒಣಗಿಸಿ ಕಟಕು ರೊಟ್ಟಿ ಮಾಡಿ ಡಬ್ಬಿಗೆ ತುಂಬಿದೆ.

ಸೇಡಂ ರಸ್ತೆಯ ಅಂಗಡಿಯಿಂದ ಪೋಸ್ಟರ್ ಅಚ್ಚಾಗಿ ಬಂದಾಗ ಇನ್ನೊಂದು ಸಂಕಟ. ಬಾಳೆ ಕಾಯಿಯಿಂದ ಹಣ್ಣಾಗುವವರೆಗಿನ ಚಿತ್ರಗಳನ್ನು ಅವಳು ಸಾಲಾಗಿ ಹಾಕಿದ್ದಳು. ಅಚ್ಚಿನಲ್ಲಿ ಎಲ್ಲವೂ ಒಂದೇ ಬಣ್ಣ, ಮದುವೆ ಮನೆಯ ಪರದೆಯ ಬಣ್ಣ. ಅಂಗಡಿಯವನು ‘ಮೇಡಂ, ಲಾಲ್ ಅಂದ್ರ ಲಾಲೇ ಬರ್ತದ’ ಎಂದುಬಿಟ್ಟ. ಬಣ್ಣದ ವ್ಯತ್ಯಾಸವೇ ಅವಳ ಸಂಶೋಧನೆ. ಅದೇ ಕಾಣದ ಪೋಸ್ಟರ್ ಇಟ್ಟುಕೊಂಡು ಏನು ತೋರಿಸುವುದು?

‘ನಿಜವಾದ ಹಣ್ಣೇ ಇಡ್ತೀನ್ರಿ ಮುಂದ’ ಎಂದಳು.

ಹಾಗಾಗಿ ಪ್ರದರ್ಶನದ ಹಿಂದಿನ ದಿನ ಅವಳ ತವರು ಕಮಲಾಪುರಕ್ಕೆ ಹೋದೆವು. ಅವಳ ಅಪ್ಪನಿಗೆ ಕೆಂಪು ಬಾಳೆಯ ತೋಟವಿದೆ. ಬೀಗರು ಒಳ್ಳೆಯವರೇ, ಆದರೆ ನಾಲಿಗೆ ಮಾತ್ರ ಹಸಿ ಮೆಣಸಿನಕಾಯಿ.

‘ಬರ್ರಿ ಬೀಗಿತೇರೆ’ ಎಂದು ನನ್ನನ್ನು ಕೂರಿಸಿ ಮಗಳ ಕಡೆ ತಿರುಗಿದರು. ‘ಏನವಾ, ಹಣ್ಣು ಹಣ್ಣಾಗ್ಯಾದ ಅಂತ ತಿಳ್ಕೊಳ್ಳಾಕ ಇಷ್ಟು ವರ್ಷ ಓದಬೇಕೇನು? ನಾ ಸಾಲಿ ಬಿಟ್ಟಾಂವ. ನನಗೆ ಕಣ್ಣಿಗೇ ಕಾಣ್ತದ.’

ಅವಳು ಒಳಗೆ ಹೋಗಿ ಎರಡು ಹಣ್ಣು ತಂದು ಅವರ ಮುಂದೆ ಹಿಡಿದಳು. ‘ಯಾವುದು ಹಣ್ಣು?’

ಬೀಗರು ಒಂದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. ‘ಇದು.’

‘ಕಣ್ಣಿಗೆ ಕಾಣ್ತದ ಅಂದ್ರಿ.’

‘ಕಂಡಿದ್ದು ಖರೇನೋ ಸುಳ್ಳೋ ಅಂತ ಒತ್ತಿ ನೋಡ್ದೆ.’

ಬೀಗಿತಿ ಒಳಗಿನಿಂದಲೇ ನಕ್ಕರು. ಬೀಗರು ಒತ್ತಿದ ಹಣ್ಣನ್ನು ನನ್ನ ಸೊಸೆ ಬೇರೆ ಇಟ್ಟಳು. ಊಟ ಮುಗಿಸಿ ಹೊರಡುವ ಹೊತ್ತಿಗೆ ಹೆಬ್ಬೆರಳಿನ ಗುರುತು ಕಪ್ಪಗೆ ಮೂಡಿತ್ತು. ಅವಳು ಅದನ್ನು ಅಪ್ಪನಿಗೆ ತೋರಿಸಲಿಲ್ಲ. ನನಗೆ ತೋರಿಸಿದಳು. ‘ಪ್ಯಾಟ್ಯಾಗೂ ಹಿಂಗೇ ಅತ್ತಿ. ಬಂದವರೆಲ್ಲ ಒತ್ತತಾರ. ಒತ್ತಿದ್ದು ಕಪ್ಪಾಗ್ತದ. ಕಪ್ಪಾಗಿದ್ದು ಯಾರೂ ಒಯ್ಯಂಗಿಲ್ಲ.’

ಬೀಗರು ಬೇರೆ ಬೇರೆ ಹದದ ಹಣ್ಣುಗಳನ್ನು ಆರಿಸಿ, ಒಂದಕ್ಕೊಂದು ತಾಗದಂತೆ ಒಣ ಬಾಳೆಲೆ ಸುತ್ತಿ ಬುಟ್ಟಿ ತುಂಬಿಸಿಕೊಟ್ಟರು. ಬಸ್ ನಿಲ್ದಾಣದವರೆಗೆ ತಾವೇ ಹೊತ್ತು ತಂದರು. ಅಲ್ಲಿ ಅವರ ಗುರುತಿನ ಹಿರಿಯರೊಬ್ಬರು ಸೊಸೆಯನ್ನು ಕಂಡು ಕೇಳಿದರು. ‘ಏನವಾ ತಂಗಿ, ನಿಂದು ಆ ಡಾಕ್ಟರಕಿ ಕಾಯೋ ಹಣ್ಣೋ?’

ಯಾವುದಾದರೂ ಕೆಲಸಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಹೀಗೆ ಕೇಳುವುದು ರೂಢಿ. ಆದರೆ ಅವಳನ್ನು ಇದೇ ಮಾತಿನಿಂದ ಎಷ್ಟು ಜನ ಎಷ್ಟು ವರ್ಷದಿಂದ ಕೇಳಿದ್ದರೋ. ನಮ್ಮ ಎದುರು ಮನೆಯ ಅಜ್ಜ ಅವಳು ಸ್ಕೂಟಿ ನಿಲ್ಲಿಸುವಾಗಲೆಲ್ಲ ಕಟ್ಟೆಯ ಮೇಲಿಂದ ಕೇಳುತ್ತಿದ್ದರು. ಮದುವೆ ಮನೆಗಳಲ್ಲಿ ಕೇಳುತ್ತಿದ್ದರು. ಬಾಳೆಹಣ್ಣಿನ ಮೇಲೆ ಓದುತ್ತಾಳೆಂದು ತಿಳಿದವರಿಗಂತೂ ಆ ಮಾತಿನಲ್ಲಿ ಇನ್ನೊಂದು ರುಚಿ. ಅವಳು ‘ನೋಡೋಣ್ರಿ ಕಾಕಾ’ ಎಂದು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗಿಡು ಎಂದರೂ ಇಡಲಿಲ್ಲ. ಕಲಬುರಗಿಯವರೆಗೆ ರಸ್ತೆಯ ಪ್ರತಿ ಉಬ್ಬಿಗೂ ಎರಡೂ ಕೈಯಿಂದ ಅದನ್ನು ಸ್ವಲ್ಪ ಮೇಲೆತ್ತುತ್ತಿದ್ದಳು, ಹಸುಗೂಸನ್ನು ಎತ್ತುವ ಹಾಗೆ.

ಮರುದಿನ ನಾನೂ ಅವಳ ಜೊತೆ ಹೋದೆ. ಪ್ರದರ್ಶನ ಎಲ್ಲರಿಗೂ ತೆರೆದಿತ್ತು. ‘ನೀವು ಹಿಂದ ಕೂಡ್ರಿ ಅತ್ತಿ, ನಿಮ್ಮ ಮಾರಿ ಕಂಡ್ರ ಸಾಕು’ ಎಂದಿದ್ದಳು. ದೊಡ್ಡ ಸಭಾಂಗಣ. ಹಲಗೆಗಳ ಸಾಲು ಸಾಲು. ಅವಳದು ಕಿಟಕಿಯ ಪಕ್ಕ ಬಂದಿದ್ದು ಪುಣ್ಯ, ಹಗಲ ಬೆಳಕು ಹಣ್ಣಿನ ಮೇಲೆ ಬೀಳುತ್ತಿತ್ತು. ಸ್ಟೀಲಿನ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಹಣ್ಣುಗಳನ್ನು ಸಾಲಾಗಿ ಇಟ್ಟಳು. ಕಡುಕೆಂಪಿನಿಂದ ಕಿತ್ತಳೆ ಬೆರೆತ ಕೆಂಪಿನವರೆಗೆ. ಪಕ್ಕದಲ್ಲಿ ಅವಳ ಬಣ್ಣದ ಪಟ್ಟಿ, ಚಾಕು, ಅಯೋಡಿನ್ ಶೀಶೆ. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ.

ಆಗ ಅವಳ ಮಾರ್ಗದರ್ಶಕರು ಬಂದರು. ಸೌಮ್ಯ ಮನುಷ್ಯರು, ಇಸ್ತ್ರಿ ಗೆರೆ ಕೆಡದ ಅಂಗಿ. ‘ಎಲ್ಲಿ, ಒಂದು ಸಲ ಹೇಳು ಕೇಳೋಣ’ ಎಂದರು. ಅವಳು ಪ್ರಶ್ನೆಯಿಂದ ಆರಂಭಿಸಿದಳು. ಅವರು ಕೈ ಎತ್ತಿ ತಡೆದರು.

‘ಹಂಗಲ್ಲಮ್ಮಾ. ಬರೋರು ದೊಡ್ಡವರು. ಹೋದ ಕೂಡ್ಲೇ ಅವರಿಗೇ ಪ್ರಶ್ನಿ ಹಾಕಿದ್ರ ಏನಂದಾರು? ಪರೀಕ್ಷಾ ತಗೊಳ್ಳಾಕತ್ಯಾಳ ಅಂದಾರು. ಮೊದಲ ವಿಶ್ ಮಾಡು, ಹೆಸರು ಹೇಳು, ಟೈಟಲ್ ಹೇಳು. ಆಮ್ಯಾಲ ಉಳಿದಿದ್ದು.’

‘ಹೌದ್ರಿ ಸರ್’ ಎಂದಳು. ನನ್ನ ಕಡೆ ಒಮ್ಮೆ ನೋಡಿದಳು. ಗುರುಗಳ ಮಾತು. ಅವರು ಹೇಳಿದ್ದು ನಮ್ಮ ಕಡೆಯ ನಡತೆಯೂ ಹೌದು. ದೊಡ್ಡವರನ್ನು ಕಂಡರೆ ನಾವು ಮೊದಲು ಸೆರಗು ಸರಿಮಾಡಿಕೊಳ್ಳುತ್ತೇವೆ, ಮಾತು ಆಮೇಲೆ.

ಜನ ಬರತೊಡಗಿದರು. ‘ಗುಡ್ ಮಾರ್ನಿಂಗ್ ಸರ್’ ಎಂದು ಅವಳು ಆರಂಭಿಸುವುದು ನನಗೆ ಕೇಳುತ್ತಿತ್ತು. ನಾನು ಬಂದವರ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದೆ. ಮನೆಗೆ ಬಂದ ಅತಿಥಿ ಏಳುವ ಮನಸ್ಸು ಮಾಡಿದರೆ ಮುಖಕ್ಕಿಂತ ಮೊದಲು ಪಾದ ಬಾಗಿಲ ಕಡೆ ತಿರುಗುತ್ತದೆ. ಚಹಾ ಇಡಬೇಕೋ ಬೇಡವೋ ಎಂದು ನಾನು ತಿಳಿಯುವುದು ಹಾಗೇ. ಇಲ್ಲಿಯೂ ಹಾಗೇ ಆಯಿತು. ಅವಳು ತನ್ನ ಹೆಸರು ಹೇಳುವಾಗ ಪಾದಗಳು ನೇರ ಇರುತ್ತಿದ್ದವು. ವಿಭಾಗದ ಹೆಸರಿಗೆ ಒಂದು ಪಾದ ಪಕ್ಕಕ್ಕೆ. ಮಾರ್ಗದರ್ಶಕರ ಹುದ್ದೆಗೆ ಬರುವಷ್ಟರಲ್ಲಿ ಎರಡೂ ಪಕ್ಕದ ಹಲಗೆಯ ಕಡೆ. ಮುಖ ಮಾತ್ರ ಇವಳ ಕಡೆ ನಗುತ್ತಿತ್ತು. ‘ವೆರಿ ಗುಡ್, ವೆರಿ ಗುಡ್’ ಎಂದು ಹೊರಟುಬಿಡುತ್ತಿದ್ದರು. ಬಾಳೆಹಣ್ಣಿನ ಮಾತು ಒಬ್ಬರ ಕಿವಿಗೂ ಬೀಳಲಿಲ್ಲ.

ಕೆಲವರು ಹಣ್ಣನ್ನು ಮಾತ್ರ ಮುಟ್ಟಿದರು. ಒತ್ತಿ ನೋಡಿ ಹೋದರು. ಅವಳು ಬೇಡ ಎನ್ನಲಾರದೆ ನಿಂತಿದ್ದಳು.

ವಿಜ್ಞಾನಿ ಮೇಡಂ ಬಂದದ್ದು ಊಟದ ಹೊತ್ತು ಹತ್ತಿರವಾದಾಗ. ಬೆಳ್ಳಿ ಕೂದಲು, ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಮಂಡಿ ನೋವಿರಬೇಕು, ಒಂದು ಕಾಲು ಎಳೆದು ನಡೆಯುತ್ತಿದ್ದರು. ಸೊಸೆಯ ಬೆನ್ನು ನೆಟ್ಟಗಾಯಿತು. ಮಾರ್ಗದರ್ಶಕರು ಆಚೆ ಸಾಲಿನಿಂದ ನೋಡುತ್ತಿದ್ದರು.

‘ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಮೇಡಂ’ ಎಂದಳು. ನನ್ನ ಮನಸ್ಸಿನಲ್ಲಿ ಹಂಚಿನ ಮೇಲೆ ರೊಟ್ಟಿ ಬಿತ್ತು. ಹೆಸರು. ವಿಭಾಗ. ಮಾರ್ಗದರ್ಶಕರು. ನೀರು ಆರುತ್ತಿತ್ತು. ಶೀರ್ಷಿಕೆಯ ನಡುವೆ ಅವಳು ತೊದಲಿ ಮತ್ತೆ ಮೊದಲಿನಿಂದ ಹೇಳಿದಳು. ಕ್ಯಾನ್ವಾಸ್ ಶೂ ಪಕ್ಕಕ್ಕೆ ತಿರುಗಿತು.

‘ಪೋಸ್ಟ್‌ಹಾರ್ವೆಸ್ಟ್, ಕೊಯ್ಲಾದ ಮ್ಯಾಲಿನ ಕೆಲಸ ಏನಮ್ಮಾ? ಒಳ್ಳೇದು’ ಎಂದು ಮೇಡಂ ಪಕ್ಕದ ಹಲಗೆಗೆ ಹೋದರು. ಅಲ್ಲಿ ಮಣ್ಣಿನ ಬಗ್ಗೆ ಏನೋ ಇತ್ತು.

ಸೊಸೆ ತಟ್ಟೆಯ ಹಣ್ಣುಗಳನ್ನು ಮತ್ತೆ ಸಾಲು ಮಾಡಿದಳು. ಆಮೇಲೆ ನನ್ನ ಹತ್ತಿರ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಕೊರಳಲ್ಲಿದ್ದ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

‘ಹೋತ್ರಿ ಅತ್ತಿ’ ಎಂದಳು.

‘ಇನ್ನಾ ಇಲ್ಲೇ ಅದಾರಲ್ಲ.’

‘ಒಮ್ಮೆ ನೋಡಿ ಹೋದವರು ಮತ್ತ ಬರಂಗಿಲ್ರಿ. ನಾ ಹೋಗಿ ಸೆರಗು ಹಿಡಿದು ಎಳೀಬೇಕೇನು?’

ಚೀಲದಲ್ಲಿ ಮಜ್ಜಿಗೆಯ ಬಾಟಲಿ ಇತ್ತು. ಕೊಟ್ಟೆ. ಮುಚ್ಚಳ ತೆಗೆದಳು, ಕುಡಿಯದೆ ಮುಚ್ಚಿ ವಾಪಸು ಕೊಟ್ಟಳು. ನನಗೆ ಅವಳ ಪ್ರಬಂಧ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ಒಂದು ಸಂಗತಿ ಅರ್ಥವಾಗಿತ್ತು. ಇಷ್ಟು ವರ್ಷ ಅವಳು ಮನೆಗೆ ತಂದು ಕತ್ತರಿಸಿ ಅಯೋಡಿನ್‌ನಲ್ಲಿ ಅದ್ದಿದ ಹಣ್ಣುಗಳ ಕಲೆ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಇನ್ನೂ ಹೋಗಿಲ್ಲ. ಕಾಯಿಯಲ್ಲಿ ಹಿಟ್ಟು ಇರುತ್ತದೆ. ಅಯೋಡಿನ್ ತಾಗಿದರೆ ಅದು ನೀಲಿಗಪ್ಪಾಗುತ್ತದೆ. ಹಣ್ಣಾದಂತೆ ಹಿಟ್ಟು ಸಕ್ಕರೆಯಾಗುತ್ತದೆ, ಕಪ್ಪು ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಕಪ್ಪು ಚಂದ್ರರ ಸಾಲು. ಆ ಕಲೆಯನ್ನು ಯಾರಿಗೆ ತೋರಿಸಲಿ ನಾನು?

‘ಏಳು. ಹಲಗಿ ಖಾಲಿ ಬಿಡಬ್ಯಾಡ’ ಎಂದಷ್ಟೇ ಹೇಳಿದೆ.

ಅವಳು ಎದ್ದು ಹೋದಳು. ಅವಳು ಅಲ್ಲಿ ನಿಲ್ಲುವುದಕ್ಕೂ ಅವಳ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು ಬರುವುದಕ್ಕೂ ಸರಿಹೋಯಿತು. ನಿವೃತ್ತಿಗೆ ಹತ್ತಿರವಾದವರು, ದೊಡ್ಡ ಸ್ವರ, ಎಲ್ಲರನ್ನೂ ಚುಡಾಯಿಸುವ ಸ್ವಭಾವ. ದೂರದಿಂದಲೇ ಕೇಳಿದರು.

‘ಏನಮ್ಮಾ ಬಾಳಿಹಣ್ಣು, ಏನಾತು ನಿನ್ನ ಪಿಎಚ್‌.ಡಿ.? ಕಾಯೋ ಹಣ್ಣೋ?’

ಸುತ್ತಲಿನ ಹುಡುಗರು ನಕ್ಕರು. ಸೊಸೆಯ ಮುಖಕ್ಕೆ ರಕ್ತ ನುಗ್ಗಿದ್ದು ನನಗೆ ಕುರ್ಚಿಯಿಂದಲೇ ಕಂಡಿತು. ಅವಳು ಇನ್ನೇನು ‘ನೋಡೋಣ್ರಿ ಸರ್’ ಎನ್ನುತ್ತಾಳೆ ಎಂದುಕೊಂಡೆ. ಅವಳು ತಟ್ಟೆಯಿಂದ ಒಂದು ಹಣ್ಣು ಎತ್ತಿ ಅವರ ಮುಖದ ಮುಂದೆ ಹಿಡಿದಳು.

‘ನೀವೇ ಹೇಳ್ರಿ ಸರ್. ಇದು ಕಾಯೋ ಹಣ್ಣೋ?’

ಪ್ರಾಧ್ಯಾಪಕರ ಕೈ ತಾನಾಗಿ ಮುಂದೆ ಬಂತು. ಅವಳು ಹಣ್ಣು ಹಿಂದಕ್ಕೆ ಎಳೆದುಕೊಂಡಳು.

‘ಒತ್ತಬ್ಯಾಡ್ರಿ. ನೋಡಿ ಹೇಳ್ರಿ.’

ನಗು ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ‘ಕೆಂಪಗದ. ಹಣ್ಣು.’

ಅವಳು ಅದೇ ಹಣ್ಣಿಗೆ ಚಾಕು ಹಾಕಿದಳು. ಸಿಪ್ಪೆ ಬಿಡಲಿಲ್ಲ, ಗಟ್ಟಿ. ಅಡ್ಡ ಕೊಯ್ದು ಅಯೋಡಿನ್ ಒಂದು ಹನಿ ಬಿಟ್ಟಳು. ನಾವೆಲ್ಲ ನೋಡುತ್ತಿದ್ದಂತೆ ಕೊಯ್ದ ಮೈ ಕಪ್ಪಾಯಿತು.

‘ಕಾಯಿ’ ಎಂದಳು. ಆಮೇಲೆ ಅವಳು ನಿಲ್ಲಲಿಲ್ಲ. ಅವಳ ಕಣ್ಣು ಯಾರ ಮೇಲೂ ಇರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ನಿಂತಂತೆ ನಿಂತಿದ್ದಳು.

‘ಬ್ಯಾರೆ ಬಾಳಿ ಹಸರಿದ್ದದ್ದು ಹಳದಿ ಆಗ್ತದ, ಇದು ಕಾಯಿದ್ದಾಗೇ ಕೆಂಪು. ಅದಕ್ಕ ಕೊಳ್ಳೋರೆಲ್ಲ ಒತ್ತಿ ನೋಡ್ತಾರ, ಒತ್ತಿದ ಹಣ್ಣು ಕಪ್ಪಾಗ್ತದ. ಮುಟ್ಟದೇ ತಿಳಿಯೋದು ಹೆಂಗ ಅಂತ ನಾ ಹುಡುಕಿದ್ದು. ಕಡಿದ ದಿನದಿಂದ ದಿನಾ ಒಂದೊಂದು ಹಣ್ಣು ಕೊಯ್ದು ಹಿಂಗ ಅಯೋಡಿನ್ ಹಾಕಿ, ಒಳಗಿನ ಕಪ್ಪು ಎಷ್ಟು ಇಳೀತು, ಹೊರಗಿನ ಬಣ್ಣ ಎಷ್ಟು ತಿಳಿ ಆತು ಅಂತ ಜೋಡಿ ಹಾಕೀನಿ. ಒಳಗ ಹಿಟ್ಟು ಸಕ್ಕರಿ ಆದಂಗ ಹೊರಗ ಕಡುಗೆಂಪು ಹೋಗಿ ಕಿತ್ತಳಿ ಬಣ್ಣ ಏರ್ತದ. ಆ ಬಣ್ಣದ ಪಟ್ಟಿ ಇದು. ಹಣ್ಣಿನ ಪಕ್ಕ ಹಿಡಿದ್ರ ಸಾಕು, ಒತ್ತೋದು ಬ್ಯಾಡ. ಗಟ್ಟಿತನ ಅಳೆಯೋದು ಒಂದೇ ಬಾಕಿ.’

ಅಷ್ಟೇ. ನನ್ನ ಹಂಚಿನ ಮೇಲಿನ ರೊಟ್ಟಿ ತಿರುವುವ ಹದಕ್ಕೆ ಬಂದಿತ್ತು.

ಅವಳ ಮಾತು ಮುಗಿದಾಗ ಪಕ್ಕದ ಹಲಗೆಯ ಮುಂದಿದ್ದ ಕ್ಯಾನ್ವಾಸ್ ಶೂಗಳು ಈ ಕಡೆ ತಿರುಗಿರುವುದನ್ನು ಕಂಡೆ. ಮುಖ ಇನ್ನೂ ಮಣ್ಣಿನ ಪೋಸ್ಟರ್ ಕಡೆಗೇ ಇತ್ತು. ಆಮೇಲೆ ಮುಖವೂ ತಿರುಗಿತು.

‘ಆ ಪಟ್ಟಿ ಕೊಡು ಇಲ್ಲಿ’ ಎಂದರು ಮೇಡಂ.

ಅವಳು ಕೊಟ್ಟಳು. ಮೇಡಂ ಪಟ್ಟಿಯನ್ನು ತಟ್ಟೆಯಲ್ಲಿದ್ದ ಒಂದೊಂದು ಹಣ್ಣಿನ ಪಕ್ಕ ಹಿಡಿದು ನೋಡಿದರು. ಕಿಟಕಿಯ ಕಡೆ ಒಮ್ಮೆ, ಸಭಾಂಗಣದ ದೀಪದ ಕಡೆ ಒಮ್ಮೆ.

‘ದೀಪದ ಕೆಳಗ ಬಣ್ಣ ಬ್ಯಾರೆ ಕಾಣ್ತದಲ್ಲ?’

‘ಕಾಣ್ತದ್ರಿ ಮೇಡಂ. ದೀಪದ ಕೆಳಗ ಈ ಪಟ್ಟಿ ತಪ್ಪು ಹೇಳ್ತದ. ಹಗಲಿನ ಬೆಳಕಿನಾಗ ಮಾತ್ರ.’

ಅಯ್ಯೋ, ಯಾಕೆ ಹೇಳಿದಳು ಎಂದುಕೊಂಡೆ. ಮಾರ್ಗದರ್ಶಕರೂ ಅಷ್ಟರಲ್ಲಿ ಬಂದು ನಿಂತಿದ್ದರು, ಅವರ ಹುಬ್ಬು ಗಂಟಿಕ್ಕಿತ್ತು. ಮೇಡಂ ಮಾತ್ರ ತಲೆಯಾಡಿಸಿದರು.

‘ಗಟ್ಟಿತನ ಯಾಕ ಅಳೆದಿಲ್ಲ?’

‘ನಮ್ಮ ಯಂತ್ರ ಕೆಟ್ಟದ್ರಿ. ನಿಮ್ಮಲ್ಲಿ ಅದ ಅಂತ ಗೊತ್ತು. ನಿಮಗ ಬರೆದಿದ್ದೆ.’

‘ನನಗ? ಏನಂತ?’

ಅವಳು ಶೀರ್ಷಿಕೆ ಹೇಳಿದಳು. ಮಾರುದ್ದದ ಅದೇ ಇಂಗ್ಲಿಷ್. ಮೇಡಂ ನೆನಪು ಮಾಡಿಕೊಳ್ಳುವವರಂತೆ ಕಣ್ಣು ಕಿರಿದು ಮಾಡಿದರು. ‘ಬಂದಿರಬೇಕು. ಟೈಟಲ್ ಓದಿ ಬಿಟ್ಟಿರಬೇಕು ನಾನು. ಕಾಯೋ ಹಣ್ಣೋ ಅಂತ ಬರೆದಿದ್ರ ಓದ್ತಿದ್ದೆ.’

ಈ ಸಲ ನಕ್ಕವರಲ್ಲಿ ಪ್ರಾಧ್ಯಾಪಕರೇ ಮೊದಲಿಗರು. ಮಾರ್ಗದರ್ಶಕರು ನಗಲೋ ಬೇಡವೋ ಎಂದು ಅಂಗಿಯ ಗುಂಡಿ ಮುಟ್ಟಿಕೊಂಡರು.

‘ಯಂತ್ರಕ್ಕ ನಮ್ಮ ಹುಡುಗರದೇ ಸಾಲು ಅದ’ ಎಂದರು ಮೇಡಂ. ‘ಖಾತ್ರಿ ಹೇಳಂಗಿಲ್ಲ. ಅವರ ಪರೀಕ್ಷಾ ಇದ್ದಾಗ ಖಾಲಿ ಇರ್ತದ. ಸರ್, ನೀವೊಂದು ಪತ್ರ ಕೊಟ್ಟು ಕಳಿಸ್ರಿ. ಹಣ್ಣು ನೀನೇ ತರಬೇಕಮ್ಮಾ. ಒಂದಕ್ಕೂ ಬೆರಳಿನ ಗುರುತು ಇರಬಾರದು. ಗುರುತು ಇದ್ರ ನಿನ್ನ ಅಳತಿ ಎಲ್ಲ ಕೆಡ್ತದ, ಗೊತ್ತದ ಇಲ್ಲೋ?’

‘ಗೊತ್ತದ್ರಿ ಮೇಡಂ.’

‘ಬಸ್ಸಿನಾಗ ಹೆಂಗ ತರ್ತಿ?’

‘ತೊಡಿ ಮ್ಯಾಲೆ ಇಟ್ಕೊಂಡು ಬರ್ತೀನ್ರಿ.’

ಮೇಡಂ ಅವಳ ಮುಖ ನೋಡಿದರು. ಪಟ್ಟಿಯನ್ನು ವಾಪಸು ಕೊಡುವುದು ಮರೆತು ತಮ್ಮ ಚೀಲಕ್ಕೆ ಹಾಕಿಕೊಂಡು ಕಾಲೆಳೆಯುತ್ತ ಊಟಕ್ಕೆ ಹೋದರು. ಅದು ಇದ್ದದ್ದು ಒಂದೇ ಪಟ್ಟಿ, ಕೈಯಿಂದ ಬಣ್ಣ ಬೆರೆಸಿ ಮಾಡಿದ್ದು. ಸೊಸೆ ಕೇಳಲಿಲ್ಲ.

ಅವಳು ನನ್ನ ಹತ್ತಿರ ಬಂದು ಮಜ್ಜಿಗೆ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದಳು. ತುಟಿಯ ಮೇಲೆ ಬಿಳಿ ಗೆರೆ ಉಳಿಯಿತು. ಒರೆಸಿಕೋ ಎನ್ನಲಿಲ್ಲ ನಾನು. ಮಾರ್ಗದರ್ಶಕರು ಬಂದು ‘ಪತ್ರ ನಾಳೆ ಕೊಡ್ತೀನಮ್ಮಾ’ ಎಂದರು. ಸ್ವಲ್ಪ ತಡೆದು, ಹಲಗೆಯ ಕಡೆ ನೋಡುತ್ತ, ‘ಇನ್ನ ಬಂದವರಿಗೂ ಹಂಗೇ ಹೇಳು’ ಎಂದರು. ಊಟದ ನಂತರ ಅವಳು ಬಂದವರಿಗೆಲ್ಲ ಹಂಗೇ ಹೇಳಿದಳು. ಪಟ್ಟಿ ಇಲ್ಲದೆ ಕೈಬೆರಳಿನಿಂದ ತೋರಿಸಿ ಹೇಳಬೇಕಾಯಿತು. ಕೆಲವರು ನಿಂತರು, ಕೆಲವರು ಹೋದರು. ಹೋದವರ ಬೆನ್ನು ನೋಡುತ್ತ ಅವಳು ನಿಲ್ಲಲಿಲ್ಲ.

ಸಂಜೆ ಆಟೋ ಇಳಿದಾಗ ಎದುರು ಮನೆಯ ಅಜ್ಜ ಕಟ್ಟೆಯ ಮೇಲಿದ್ದರು. ಅವರು ಬಾಯಿ ತೆರೆಯುವ ಮೊದಲೇ ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು.

‘ಏನವಾ, ಹೋದ ಕೆಲಸ ಕಾಯೋ ಹಣ್ಣೋ?’

ಅವಳು ಬುಟ್ಟಿಯಲ್ಲಿ ಉಳಿದಿದ್ದ ಹಣ್ಣುಗಳನ್ನು ಒಂದೊಂದಾಗಿ ನೋಡಿದಳು. ಹೆಚ್ಚಿನವುಗಳ ಮೇಲೆ ಹೆಬ್ಬೆರಳಿನ ಕಪ್ಪು ಗುರುತು. ಗುರುತಿಲ್ಲದ ಒಂದನ್ನು ಆರಿಸಿ ಅಜ್ಜನ ಕೈಗಿಟ್ಟಳು.

‘ಬಲಿತದ್ರಿ ಅಜ್ಜಾ’ ಎಂದಳು. ‘ಕಡಿದಿಟ್ಟೀನಿ. ಇನ್ನ ಹಣ್ಣಾಗಬೇಕು.’

ಅಜ್ಜ ಅಭ್ಯಾಸಬಲದಿಂದ ಒತ್ತಲು ಹೋದರು. ಅವಳು ಮೆಲ್ಲಗೆ ಅವರ ಹೆಬ್ಬೆರಳು ಹಿಡಿದುಕೊಂಡಳು.